ಒಂದೇ ಬ್ಯಾಚಿನ ದೋಷ: ವಾರಂಟಿ ಕ್ಲೇಮ್‌ಗಳ ವರದಿ ಅದನ್ನು ಬೇಗ ಹಿಡಿಯುವುದು ಹೇಗೆ?

ತಯಾರಕರು ಕೆಲವೊಮ್ಮೆ ಒಂದು ಮಾದರಿಯ ಎಲ್ಲ ಉಪಕರಣಗಳನ್ನೂ ಹಿಂದಕ್ಕೆ ಕರೆಯದೆ, ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಯವರೆಗಿನ ಸರಣಿಯವುಗಳನ್ನು ಮಾತ್ರ ಕರೆಯುತ್ತಾರೆ. ಅದೇ ಮಾದರಿಯನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ ಆಗ ಸಹಜವಾಗಿ ಒಂದು ಸಂಶಯ ಮೂಡುತ್ತದೆ: ಹೊರಗಿನಿಂದ ಒಂದೇ ರೀತಿ ಕಾಣುವ ಯಂತ್ರಗಳಲ್ಲಿ ದೋಷವಿರುವುದು ಇಷ್ಟರಲ್ಲಿ ಮಾತ್ರ ಎಂದು ತಯಾರಕರಿಗೆ ಗೊತ್ತಾದದ್ದು ಹೇಗೆ? ಬಹುತೇಕ ಸಂದರ್ಭಗಳಲ್ಲಿ ಮೊದಲ ಸುಳಿವು ಸಿಗುವುದು ಪ್ರಯೋಗಾಲಯದಲ್ಲಿ ಅಲ್ಲ, ದುರಸ್ತಿಗೆ ಬಂದ ಯಂತ್ರಗಳ ಲೆಕ್ಕದಲ್ಲಿ. ಆ ಲೆಕ್ಕವನ್ನು ಬ್ಯಾಚಿನ ಪ್ರಕಾರ ವಿಂಗಡಿಸಿ ಓದುವ ಕ್ರಮವನ್ನು ಈ ಲೇಖನ ವಿವರಿಸುತ್ತದೆ.

## ಬ್ಯಾಚ್ ಮತ್ತು ಕ್ಲೇಮ್

ಒಂದೇ ಅವಧಿಯಲ್ಲಿ, ಒಂದೇ ಸಾಲಿನ ಯಂತ್ರಗಳ ಮೇಲೆ, ಸರಿಸುಮಾರು ಒಂದೇ ಕಂತಿನಲ್ಲಿ ಬಂದ ಬಿಡಿಭಾಗಗಳಿಂದ ತಯಾರಾದ ಘಟಕಗಳ ಗುಂಪಿಗೆ ಬ್ಯಾಚ್ ಎನ್ನುತ್ತಾರೆ. ಬ್ಯಾಚು ಒಂದು ದಿನದ್ದಾಗಿರಬಹುದು, ಒಂದು ವಾರದ್ದಾಗಿರಬಹುದು ಅಥವಾ ಒಂದು ತಿಂಗಳದ್ದಾಗಿರಬಹುದು. ಅದನ್ನು ತಯಾರಕರೇ ನಿರ್ಧರಿಸುತ್ತಾರೆ. ಬ್ಯಾಚಿನ ಗುರುತು ಸರಣಿ ಸಂಖ್ಯೆಯಲ್ಲಿಯೇ ಅಡಗಿರುವುದುಂಟು, ಇಲ್ಲವೆ ಪ್ರತ್ಯೇಕವಾಗಿ ಮುದ್ರಿತವಾಗಿರುತ್ತದೆ. ವಾಹನದ ಟೈರಿನ ಬದಿಯಲ್ಲಿ DOT ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದದ್ದು.

ವಾರಂಟಿ ಅವಧಿಯೊಳಗೆ ಯಂತ್ರ ಕೆಟ್ಟು, ಅದರ ದುರಸ್ತಿಯ ಅಥವಾ ಬದಲಾವಣೆಯ ಖರ್ಚನ್ನು ತಯಾರಕರು ಭರಿಸಬೇಕೆಂದು ಸಲ್ಲಿಕೆಯಾಗುವ ಕೋರಿಕೆಯೇ ಕ್ಲೇಮ್. ಸಾಮಾನ್ಯವಾಗಿ ಅದನ್ನು ತಯಾರಕರಿಗೆ ಕಳುಹಿಸುವುದು ಗ್ರಾಹಕರಲ್ಲ, ದುರಸ್ತಿ ಮಾಡಿದ ಸರ್ವಿಸ್ ಸೆಂಟರ್. ಅದರಲ್ಲಿ ಸರಣಿ ಸಂಖ್ಯೆ, ಮಾರಾಟದ ದಿನಾಂಕ, ಗ್ರಾಹಕರು ಹೇಳಿದ ತೊಂದರೆ ಮತ್ತು ಬದಲಾಯಿಸಿದ ಭಾಗ ದಾಖಲಾಗಿರುತ್ತವೆ. ಈ ಕಾಗದಪತ್ರ ಮೂಲತಃ ಹಣ ಪಾವತಿಗಾಗಿ ಹುಟ್ಟಿಕೊಂಡದ್ದೇ ಹೊರತು ದೋಷ ಪತ್ತೆಗಾಗಿ ಅಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಕಾಣುವ ಹಲವು ತೊಡಕುಗಳ ಬೇರು ಅಲ್ಲಿಯೇ ಇದೆ.

ಇಂಥ ವಿಂಗಡಣೆಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ನೋಡಬಹುದು. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿಯು ಸುಮಾರು 65 ಲಕ್ಷ ಟೈರ್‌ಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿ ವೈಲ್ಡರ್‌ನೆಸ್ ಎಟಿ ಎಂಬ ಮಾದರಿಯ ಮಟ್ಟಿಗೆ, ನಿರ್ದಿಷ್ಟ ಅಳತೆಯ, ಇಲಿನಾಯ್ ರಾಜ್ಯದ ಡಿಕೇಟರ್ ಕಾರ್ಖಾನೆಯಲ್ಲಿ ತಯಾರಾದ ಟೈರ್‌ಗಳು ಮಾತ್ರ ಪಟ್ಟಿಯಲ್ಲಿದ್ದವು. ಅದೇ ವರ್ಷದ ನವೆಂಬರ್‌ನಲ್ಲಿ ಅಧ್ಯಕ್ಷರ ಸಹಿ ಪಡೆದ ಟ್ರೆಡ್ ಕಾಯ್ದೆಯನ್ನು ಆಧರಿಸಿದ ನಿಯಮಗಳ ಪ್ರಕಾರ, ದೊಡ್ಡ ವಾಹನ ತಯಾರಕರು ತಮ್ಮ ವಾರಂಟಿ ಕ್ಲೇಮ್‌ಗಳ ಸಂಖ್ಯೆಯನ್ನು ಮೂರು ತಿಂಗಳಿಗೊಮ್ಮೆ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆಗೆ ಒಪ್ಪಿಸಬೇಕಾಯಿತು.

## ಬರಿಯ ಎಣಿಕೆ ಏಕೆ ಸಾಲದು

ಮುಂದಿನ ವಿವರಣೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ವಾಷಿಂಗ್ ಮಷಿನ್ ತಯಾರಿಸುವ ಒಂದು ಕಾರ್ಖಾನೆ ತಿಂಗಳಿಗೊಂದು ಬ್ಯಾಚಿನಂತೆ ಲೆಕ್ಕವಿಡುತ್ತದೆ. ವರದಿ ಸಿದ್ಧವಾದ ದಿನ ಬ್ಯಾಚ್ 11ರಲ್ಲಿ ಮಾರಾಟವಾದ 4,000 ಯಂತ್ರಗಳಿಂದ ಒಟ್ಟು 72 ಕ್ಲೇಮ್‌ಗಳು ಬಂದಿವೆ. ಬ್ಯಾಚ್ 14ರಲ್ಲಿ ಬಳಕೆಯಲ್ಲಿರುವ 1,500 ಯಂತ್ರಗಳಿಂದ 21 ಕ್ಲೇಮ್‌ಗಳು ಬಂದಿವೆ. ಎಣಿಕೆಯನ್ನಷ್ಟೇ ನೋಡಿದವರು ಬ್ಯಾಚ್ 11ನ್ನು ದೂಷಿಸುತ್ತಾರೆ.

ಸ್ವಲ್ಪ ಎಚ್ಚರದಿಂದ ಓದುವವರು ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಬ್ಯಾಚ್ 11ರಲ್ಲಿ ಸಾವಿರಕ್ಕೆ 18, ಬ್ಯಾಚ್ 14ರಲ್ಲಿ ಸಾವಿರಕ್ಕೆ 14. ಇಲ್ಲಿಯೂ ಬ್ಯಾಚ್ 11 ಕೆಟ್ಟದಾಗಿಯೇ ತೋರುತ್ತದೆ. ಆದರೂ ಈ ತೀರ್ಮಾನ ತಪ್ಪು, ಏಕೆಂದರೆ ಬ್ಯಾಚ್ 11ರ ಯಂತ್ರಗಳು ಆರು ತಿಂಗಳು ಓಡಿವೆ, ಬ್ಯಾಚ್ 14ರ ಯಂತ್ರಗಳು ಎರಡೇ ತಿಂಗಳು ಓಡಿವೆ. ಹತ್ತು ವರ್ಷದ ಮಗುವೊಂದು ಎರಡು ವರ್ಷದ ಮಗುವಿಗಿಂತ ಎತ್ತರವಾಗಿದೆ ಎಂಬುದರಿಂದ ಬೆಳವಣಿಗೆಯ ಬಗ್ಗೆ ಏನೂ ತಿಳಿಯದು. ಎರಡನೆಯದರ ಎತ್ತರವನ್ನು, ಮೊದಲನೆಯದು ಎರಡು ವರ್ಷದ್ದಾಗಿದ್ದಾಗಿನ ಎತ್ತರದೊಂದಿಗೆ ಹೋಲಿಸಬೇಕು. ಕ್ಲೇಮ್‌ಗಳ ವಿಷಯವೂ ಅಷ್ಟೇ. ಹೆಚ್ಚು ಕಾಲ ಬಳಕೆಯಲ್ಲಿರುವ ಬ್ಯಾಚಿನಿಂದ ಹೆಚ್ಚು ಕ್ಲೇಮ್ ಬರುವುದು ಸಹಜ.

ಹಾಗಾಗಿ ಉಪಯುಕ್ತವಾದ ವರದಿಯು ಬಳಕೆಯ ವಯಸ್ಸು ಎಂಬ ಅಳತೆಯನ್ನು ಆಧರಿಸುತ್ತದೆ. ಪ್ರತಿ ಕ್ಲೇಮ್‌ಗೂ ನಾಲ್ಕು ದಿನಾಂಕಗಳ ಸಂಬಂಧವಿದೆ: ಯಂತ್ರ ತಯಾರಾದ ದಿನ, ಗ್ರಾಹಕರ ಕೈ ಸೇರಿದ ದಿನ, ಕೆಟ್ಟ ದಿನ ಮತ್ತು ಕ್ಲೇಮ್ ತಯಾರಕರ ದಾಖಲೆಗೆ ಸೇರಿದ ದಿನ. ತಯಾರಿಕೆಯ ದಿನ ಬ್ಯಾಚನ್ನು ನಿರ್ಧರಿಸುತ್ತದೆ. ಮಾರಾಟದಿಂದ ಕೆಟ್ಟ ದಿನದವರೆಗಿನ ಅಂತರವೇ ಬಳಕೆಯ ವಯಸ್ಸು. ತಯಾರಿಕೆಯ ದಿನದಿಂದಲೇ ವಯಸ್ಸನ್ನು ಎಣಿಸಿದರೆ, ಗೋದಾಮಿನಲ್ಲಿ ನಾಲ್ಕು ತಿಂಗಳು ಮಲಗಿದ್ದ ಯಂತ್ರವೂ ನಾಲ್ಕು ತಿಂಗಳು ದುಡಿದಂತೆ ಲೆಕ್ಕವಾಗಿ, ಆ ಬ್ಯಾಚು ವಾಸ್ತವಕ್ಕಿಂತ ಗಟ್ಟಿಯಾಗಿ ಕಾಣಿಸುತ್ತದೆ.

## ಒಂದೇ ವಯಸ್ಸಿನಲ್ಲಿ ಹೋಲಿಕೆ

ಮೇಲಿನ ಉದಾಹರಣೆಯನ್ನು ಈ ಕ್ರಮದಲ್ಲಿ ಬಿಡಿಸಿ ಬರೆದರೆ ಹೀಗಾಗುತ್ತದೆ. ಕೋಷ್ಟಕದ ಅಂಕಿಗಳು, ಬಳಕೆಯ ಅಷ್ಟು ತಿಂಗಳು ತುಂಬುವಷ್ಟರಲ್ಲಿ ಪ್ರತಿ ಸಾವಿರ ಯಂತ್ರಕ್ಕೆ ಬಂದ ಒಟ್ಟು ಕ್ಲೇಮ್‌ಗಳನ್ನು ತೋರಿಸುತ್ತವೆ.

| ಬ್ಯಾಚ್ | 1 ತಿಂಗಳು | 2 ತಿಂಗಳು | 3 ತಿಂಗಳು | 6 ತಿಂಗಳು |
|---|---|---|---|---|
| 11 | 2.5 | 5.0 | 8.0 | 18.0 |
| 12 | 2.4 | 5.0 | 7.9 | – |
| 13 | 2.7 | 5.0 | – | – |
| 14 | 4.0 | 14.0 | – | – |

ಈ ಕೋಷ್ಟಕವನ್ನು ಅಡ್ಡಸಾಲಿನಲ್ಲಿ ಓದಬಾರದು, ಮೇಲಿನಿಂದ ಕೆಳಕ್ಕೆ ಓದಬೇಕು. ಎರಡನೇ ತಿಂಗಳ ಕಂಬದಲ್ಲಿ ಮೂರು ಬ್ಯಾಚುಗಳು ಸಾವಿರಕ್ಕೆ 5ರಲ್ಲಿ ನಿಂತಿದ್ದರೆ ನಾಲ್ಕನೆಯದು 14ಕ್ಕೆ ಏರಿದೆ. ಅಂದರೆ ಬ್ಯಾಚ್ 14ರ ಯಂತ್ರಗಳು ಅದೇ ವಯಸ್ಸಿನ ಹಳೆಯ ಯಂತ್ರಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕೆಡುತ್ತಿವೆ. ಕೆಳಗಿನ ಬಲಮೂಲೆ ಖಾಲಿಯಾಗಿರುವುದರಿಂದ ಇಂಥ ಕೋಷ್ಟಕ ಯಾವಾಗಲೂ ಮೆಟ್ಟಿಲಿನ ಆಕಾರದಲ್ಲಿರುತ್ತದೆ. ಆ ಖಾಲಿ ಜಾಗಗಳನ್ನು ಸೊನ್ನೆ ಎಂದು ಓದುವುದು ಗಂಭೀರ ಪ್ರಮಾದ; ಅವು ಇನ್ನೂ ಬಾರದ ತಿಂಗಳುಗಳು ಮಾತ್ರ.

ಭಾಗಿಸುವ ಸಂಖ್ಯೆಯೂ ಅಷ್ಟೇ ಎಚ್ಚರ ಬೇಡುತ್ತದೆ. ಬ್ಯಾಚ್ 14ರಲ್ಲಿ ತಯಾರಾದದ್ದು 3,600 ಯಂತ್ರಗಳು. ಆದರೆ ಎರಡು ತಿಂಗಳ ಬಳಕೆ ಪೂರೈಸಿದವು 1,500 ಮಾತ್ರ. ಉಳಿದವು ಇತ್ತೀಚೆಗಷ್ಟೇ ಮಾರಾಟವಾಗಿವೆ ಅಥವಾ ಇನ್ನೂ ಗೋದಾಮಿನಲ್ಲಿವೆ. 21ನ್ನು 3,600ರಿಂದ ಭಾಗಿಸಿದರೆ ಸಾವಿರಕ್ಕೆ 5.8 ಎಂದು ಬರುತ್ತದೆ, ಅಂದರೆ ಮಾಮೂಲಿ 5ಕ್ಕಿಂತ ತುಸು ಹೆಚ್ಚು. ಅಂಥ ವರದಿಯನ್ನು ನೋಡಿದ ಯಾರಿಗೂ ಗಾಬರಿಯಾಗುವುದಿಲ್ಲ. ಭಾಜಕವೊಂದನ್ನು ತಪ್ಪಾಗಿ ಆರಿಸಿದರೆ ಸಾಕು, ಮೂರು ಪಟ್ಟಿನ ಏರಿಕೆ ಕಣ್ಣಿಗೆ ಬೀಳದೆ ಹೋಗುತ್ತದೆ.

## ಆಕಸ್ಮಿಕವೋ, ದೋಷವೋ

ಎಷ್ಟೇ ಚೆನ್ನಾಗಿ ತಯಾರಾದ ಬ್ಯಾಚುಗಳಲ್ಲಿಯೂ ಕ್ಲೇಮ್‌ಗಳ ಸಂಖ್ಯೆ ಕಾರಣವಿಲ್ಲದೆ ಏರಿಳಿಯುತ್ತದೆ. ಆದ್ದರಿಂದ ಎಷ್ಟು ಏರಿದರೆ ತಲೆ ಕೆಡಿಸಿಕೊಳ್ಳಬೇಕು ಎಂಬುದಕ್ಕೆ ಮೊದಲೇ ಒಂದು ಗಡಿ ಹಾಕಿಕೊಳ್ಳಬೇಕಾಗುತ್ತದೆ. ಬಹಳಷ್ಟು ಕಡೆ ಬಳಕೆಯಲ್ಲಿರುವ ಸರಳ ಲೆಕ್ಕ ಹೀಗಿದೆ: ನಿರೀಕ್ಷಿತ ಸಂಖ್ಯೆಗೆ ಅದರ ವರ್ಗಮೂಲದ ಮೂರರಷ್ಟನ್ನು ಕೂಡಿಸಬೇಕು. ವಾಸ್ತವ ಸಂಖ್ಯೆ ಆ ಮೊತ್ತವನ್ನು ದಾಟಿದರೆ ಅದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕಬಾರದು.

ಬ್ಯಾಚ್ 14ಕ್ಕೆ ಇದನ್ನು ಅನ್ವಯಿಸೋಣ. ಸಾವಿರಕ್ಕೆ 5ರಂತೆ 1,500 ಯಂತ್ರಗಳಿಂದ ನಿರೀಕ್ಷಿಸಬಹುದಾದ ಕ್ಲೇಮ್‌ಗಳು 7.5. ಅದರ ವರ್ಗಮೂಲ ಸುಮಾರು 2.7, ಅದರ ಮೂರರಷ್ಟು ಸುಮಾರು 8.2. ಗಡಿ 15.7ಕ್ಕೆ ಬರುತ್ತದೆ. ಬಂದಿರುವುದು 21. ಸಂಶಯಕ್ಕೆ ಸಾಕಷ್ಟು ಆಧಾರವಿದೆ.

ಆದರೆ ಇದು ಎರಡು ತಿಂಗಳು ಕಳೆದ ಮೇಲಿನ ಮಾತು. ಮೊದಲ ತಿಂಗಳಲ್ಲೇ ಗೊತ್ತಾಗುತ್ತಿರಲಿಲ್ಲವೇ? ಆಗ ಬಂದಿದ್ದದ್ದು 6 ಕ್ಲೇಮ್, ನಿರೀಕ್ಷೆ ಸುಮಾರು 3.75, ಗಡಿ ಸುಮಾರು 9.6. ಒಟ್ಟು ಸಂಖ್ಯೆಯನ್ನು ನೋಡುವ ವರದಿ ಆಗ ಮೌನವಾಗಿಯೇ ಇರುತ್ತದೆ. ಕ್ಲೇಮ್‌ಗಳನ್ನು ತೊಂದರೆಯ ಪ್ರಕಾರ ಬೇರ್ಪಡಿಸಿದ್ದರೆ ಚಿತ್ರ ಬೇರೆಯಾಗುತ್ತಿತ್ತು. ಆ ಆರರಲ್ಲಿ ನಾಲ್ಕು, ನೀರು ಹೊರಹೋಗುತ್ತಿಲ್ಲ ಎಂಬ ಒಂದೇ ದೂರು. ನಾಲ್ಕರಲ್ಲಿಯೂ ಬದಲಾಯಿಸಿದ್ದು ಕೊಳೆನೀರನ್ನು ಹೊರಹಾಕುವ ಡ್ರೇನ್ ಪಂಪನ್ನೇ. ಹಿಂದಿನ ಬ್ಯಾಚುಗಳಲ್ಲಿ ಮೊದಲ ತಿಂಗಳಲ್ಲಿ ಪಂಪ್ ಕೆಡುತ್ತಿದ್ದದ್ದು ಎರಡು ಸಾವಿರಕ್ಕೆ ಒಂದು. ಅದರಂತೆ 1,500 ಯಂತ್ರಗಳಿಗೆ ನಿರೀಕ್ಷೆ 0.75, ಗಡಿ ಸುಮಾರು 3.3. ನಾಲ್ಕು ಕ್ಲೇಮ್‌ಗಳು ಆ ಗಡಿಯನ್ನು ದಾಟಿವೆ. ಒಂದು ನಿರ್ದಿಷ್ಟ ಭಾಗದ ದೋಷವು ಉಳಿದೆಲ್ಲ ಸಾಮಾನ್ಯ ದೂರುಗಳ ನಡುವೆ ಕರಗಿಹೋಗುವುದರಿಂದ, ಬ್ಯಾಚು ಮತ್ತು ತೊಂದರೆ ಎರಡರ ಪ್ರಕಾರವೂ ವಿಂಗಡಿಸಿದ ವರದಿಯೇ ಇಲ್ಲಿ ಒಂದು ತಿಂಗಳು ಮೊದಲು ಕೂಗು ಹಾಕುತ್ತದೆ.

ಇದಕ್ಕೆ ಬೆಲೆ ತೆರಬೇಕಾಗುತ್ತದೆ. ನಿರೀಕ್ಷೆ 7.5 ಇರುವಲ್ಲಿ ಯಾವ ದೋಷವೂ ಇಲ್ಲದೆ ಗಡಿ ದಾಟುವ ಸಂಭವ ಸುಮಾರು ಇನ್ನೂರರಲ್ಲಿ ಒಂದು. ಇಪ್ಪತ್ತು ಬ್ಯಾಚುಗಳನ್ನು ಹತ್ತು ಬಗೆಯ ತೊಂದರೆಗಳಾಗಿ ಒಡೆದರೆ ಇನ್ನೂರು ಕೋಶಗಳಾಗುತ್ತವೆ, ಹಾಗಾದರೆ ಪ್ರತಿ ವರದಿಯಲ್ಲೂ ಒಂದು ಸುಳ್ಳು ಎಚ್ಚರಿಕೆ ಬರಬಹುದು. ನಿರೀಕ್ಷೆ ತೀರಾ ಚಿಕ್ಕದಾಗಿರುವ ಕೋಶಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿ ವರ್ಗಮೂಲದ ಲೆಕ್ಕವೇ ಒರಟಾಗುತ್ತದೆ. ಹೀಗಾಗಿ ಕನಿಷ್ಠ ಮೂರೋ ನಾಲ್ಕೋ ಕ್ಲೇಮ್‌ಗಳಿಲ್ಲದೆ ಯಾವ ಕೋಶವನ್ನೂ ಎಚ್ಚರಿಕೆಯ ಪಟ್ಟಿಗೆ ಸೇರಿಸಬಾರದು ಎಂಬ ನಿಯಮವನ್ನೂ ಇಟ್ಟುಕೊಳ್ಳುವುದು ಲೇಸು. ಬೆಂಕಿ, ವಿದ್ಯುದಾಘಾತ ಮುಂತಾದ ಜೀವಾಪಾಯದ ದೂರುಗಳಿಗೆ ಈ ನಿಯಮ ಅನ್ವಯಿಸದು. ಅಲ್ಲಿ ಒಂದೇ ಕ್ಲೇಮ್ ಬಂದರೂ ಪರಿಶೀಲಿಸಬೇಕು.

## ಬ್ಯಾಚಿನ ಒಳಗೆ ಇಳಿದಾಗ

ಎರಡನೇ ತಿಂಗಳ ಕೊನೆಗೆ ಬಂದ 21 ಕ್ಲೇಮ್‌ಗಳಲ್ಲಿ 14 ಡ್ರೇನ್ ಪಂಪಿಗೆ ಸೇರಿದವು. ಮಾಮೂಲಿನಂತೆ ಆ ವಯಸ್ಸಿನಲ್ಲಿ ಪಂಪಿನ ದೂರು ಸಾವಿರಕ್ಕೆ ಒಂದರಷ್ಟು, ಅಂದರೆ ಇಲ್ಲಿ 1.5 ಇರಬೇಕಿತ್ತು. ಉಳಿದ 7 ಕ್ಲೇಮ್‌ಗಳು ಬಾಗಿಲು, ಪ್ಯಾನೆಲ್, ಸದ್ದು ಎಂದು ಚದುರಿಹೋಗಿವೆ. ಅವುಗಳ ನಿರೀಕ್ಷೆ 6 ಆಗಿದ್ದರಿಂದ ಅಲ್ಲಿ ವಿಶೇಷವೇನೂ ಇಲ್ಲ. ಬ್ಯಾಚು ಇಡಿಯಾಗಿ ಕಳಪೆಯಲ್ಲ, ಒಂದು ಭಾಗ ಮಾತ್ರ ಕೈಕೊಡುತ್ತಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮುಂದಿನ ಹೆಜ್ಜೆ ಆ 14 ಯಂತ್ರಗಳ ಸರಣಿ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವುದು. ಇದು ತೀರಾ ಸಾದಾ ಕೆಲಸ, ಆದರೆ ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ತಿಳಿಸುವ ಹೆಜ್ಜೆ ಮತ್ತೊಂದಿಲ್ಲ. ಉದಾಹರಣೆಯಲ್ಲಿ 12 ಸಂಖ್ಯೆಗಳು 0901ರಿಂದ 1500ರವರೆಗಿನ ಪಟ್ಟಿಯೊಳಗೆ ಒತ್ತಾಗಿ ಬೀಳುತ್ತವೆ. ಆ ಪಟ್ಟಿಯ ಯಂತ್ರಗಳಲ್ಲಿ ಎರಡು ತಿಂಗಳ ಬಳಕೆ ಮುಗಿಸಿದವು ಸುಮಾರು 300. ಸಾವಿರಕ್ಕೆ 40 ಎಂಬ ಪ್ರಮಾಣ ಇಲ್ಲಿ ಕಾಣುತ್ತದೆ. ಪಟ್ಟಿಯ ಹೊರಗಿನ 1,200 ಯಂತ್ರಗಳಿಂದ ಬಂದದ್ದು ಎರಡೇ ಪಂಪ್ ದೂರುಗಳು, ಅಂದರೆ ಮಾಮೂಲಿ ಮಟ್ಟ. ದೋಷಕ್ಕೆ ಆರಂಭವೂ ಇದೆ, ಅಂತ್ಯವೂ ಇದೆ ಎಂದಾದರೆ, ಆ ಎರಡು ಕ್ಷಣಗಳಲ್ಲಿ ಕಾರ್ಖಾನೆಯಲ್ಲಿ ಏನೋ ಬದಲಾಗಿರಬೇಕು.

ಏನು ಬದಲಾಯಿತು ಎಂಬುದನ್ನು ಕ್ಲೇಮ್‌ಗಳ ಕೋಷ್ಟಕ ಹೇಳಲಾರದು. ಅದಕ್ಕೆ ಜೋಡಣೆಯ ದಾಖಲೆಗಳನ್ನೂ, ವಾಪಸ್ ಬಂದ ಬಿಡಿಭಾಗಗಳನ್ನೂ ನೋಡಬೇಕು. ಬದಲಾಯಿಸಿದ 12 ಪಂಪುಗಳಲ್ಲಿ 10 ಕಾರ್ಖಾನೆಗೆ ಮರಳಿವೆ; ಹತ್ತರ ಮೇಲೂ ಪೂರೈಕೆದಾರರ ಒಂದೇ ಲಾಟಿನ ಮುದ್ರೆ ಇದೆ. ಬಿಚ್ಚಿ ನೋಡಿದಾಗ ಶಾಫ್ಟಿನ ಸುತ್ತಲಿನ ರಬ್ಬರ್ ಸೀಲ್ ಬಿಗಿಯಾಗಿ ಕೂತಿಲ್ಲದಿರುವುದೂ, ಅದರ ಮೂಲಕ ಒಳನುಗ್ಗಿದ ನೀರಿನಿಂದ ಬೇರಿಂಗ್ ತುಕ್ಕು ಹಿಡಿದು ಸಿಕ್ಕಿಕೊಂಡಿರುವುದೂ ಕಾಣುತ್ತದೆ. ನೀರು ನುಸುಳಿ ತುಕ್ಕು ಬಲಿಯಲು ಕೆಲವು ವಾರ ಬೇಕಾಗುವುದರಿಂದಲೇ ಮೊದಲ ತಿಂಗಳಿಗಿಂತ ಎರಡನೇ ತಿಂಗಳಲ್ಲಿ ದೂರುಗಳು ಹೆಚ್ಚಿದ್ದವು, ಮತ್ತು ಕಾರ್ಖಾನೆಯಿಂದ ಹೊರಡುವ ಮುನ್ನ ನಡೆಸಿದ ಪರೀಕ್ಷೆಯಲ್ಲಿ ಈ ಪಂಪುಗಳು ಪಾಸಾಗಿದ್ದವು.

## ವರದಿ ದಾರಿ ತಪ್ಪಿಸುವ ಜಾಗಗಳು

ಉದಾಹರಣೆಯಲ್ಲಿ ಎಲ್ಲವೂ ಸಲೀಸಾಗಿ ಸಾಗಿದ್ದು ದಾಖಲೆಗಳು ಅಚ್ಚುಕಟ್ಟಾಗಿದ್ದವು ಎಂದು ಊಹಿಸಿದ್ದರಿಂದ. ವಾಸ್ತವದಲ್ಲಿ ಅತಿ ಹೆಚ್ಚು ಮೋಸ ಮಾಡುವುದು ವಿಳಂಬ. ಯಂತ್ರ ಕೆಟ್ಟ ದಿನಕ್ಕೂ ಕ್ಲೇಮ್ ದಾಖಲಾಗುವ ದಿನಕ್ಕೂ ನಡುವೆ ವಾರಗಳೇ ಉರುಳುತ್ತವೆ. ಕೆಲವು ಸರ್ವಿಸ್ ಸೆಂಟರ್‌ಗಳು ತಿಂಗಳ ಜಾಬ್ ಕಾರ್ಡುಗಳನ್ನೆಲ್ಲ ಒಟ್ಟುಗೂಡಿಸಿ ಒಮ್ಮೆಗೇ ಕಳುಹಿಸುತ್ತವೆ. ಇದರ ಫಲವಾಗಿ ಇತ್ತೀಚಿನ ತಿಂಗಳ ಅಂಕಿ ಯಾವಾಗಲೂ ಅರ್ಧ ತುಂಬಿದ್ದಾಗಿರುತ್ತದೆ, ಹೊಸ ಬ್ಯಾಚುಗಳು ಹಳೆಯವಕ್ಕಿಂತ ಉತ್ತಮವೆಂಬ ಭ್ರಮೆ ಹುಟ್ಟುತ್ತದೆ. ಇದನ್ನು ಪತ್ತೆ ಹಚ್ಚುವ ಬಗೆ ಸುಲಭ: ಹೋದ ತಿಂಗಳ ವರದಿಯ ಪ್ರತಿಯನ್ನು ಇಟ್ಟುಕೊಂಡು, ಅದೇ ಕೋಶ ಈ ತಿಂಗಳ ವರದಿಯಲ್ಲಿ ಎಷ್ಟು ಬೆಳೆದಿದೆ ಎಂದು ನೋಡುವುದು. ಅದೇ ಕೋಶ 3ರಿಂದ 5ಕ್ಕೆ ಏರಿದ್ದರೆ, ಈಗ ಹೊಸದಾಗಿ ಕಾಣುತ್ತಿರುವ 3ನ್ನೂ ನಂಬುವಂತಿಲ್ಲ.

ಇನ್ನೊಂದು ತೊಡಕು ತೊಂದರೆಯ ಸಂಕೇತಗಳದ್ದು. ದುರಸ್ತಿ ಮಾಡುವವರು ಅವಸರದಲ್ಲಿ ಪಟ್ಟಿಯ ಮೊದಲ ಆಯ್ಕೆಯನ್ನೋ ‘ಇತರೆ’ ಎಂಬುದನ್ನೋ ಗುರುತಿಸಿಬಿಡುತ್ತಾರೆ. ಇದರಲ್ಲಿ ಅವರ ತಪ್ಪೇ ಹೆಚ್ಚು ಎನ್ನಲಾಗದು. ಪಟ್ಟಿಯಲ್ಲಿ ನೂರೈವತ್ತು ಸಂಕೇತಗಳಿದ್ದರೆ ಯಾರೂ ತಾಳ್ಮೆಯಿಂದ ಹುಡುಕುವುದಿಲ್ಲ. ಗ್ರಾಹಕರ ದೂರಿಗಿಂತಲೂ ಬದಲಾಯಿಸಿದ ಭಾಗದ ಸಂಖ್ಯೆ ಹೆಚ್ಚು ನಂಬಲರ್ಹ, ಏಕೆಂದರೆ ಆ ಭಾಗದ ದಾಸ್ತಾನಿಗೆ ದುರಸ್ತಿ ಮಾಡುವವರು ಲೆಕ್ಕ ಒಪ್ಪಿಸಬೇಕಾಗುತ್ತದೆ. ಆದರೂ ಭಾಗ ಬದಲಾಯಿತು ಎಂದ ಮಾತ್ರಕ್ಕೆ ಅದು ಕೆಟ್ಟಿತ್ತು ಎಂದಾಗದು. ವಾಪಸ್ ಬಂದ ಭಾಗಗಳಲ್ಲಿ ಕೆಲವು ಪರೀಕ್ಷೆಯಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತವೆ. ಪೈಪು ಕಟ್ಟಿಕೊಂಡಿದ್ದಕ್ಕೆ ಪಂಪನ್ನು ಬದಲಾಯಿಸಿದ್ದೂ ಇರುತ್ತದೆ. ಎಲ್ಲ ಕ್ಲೇಮ್‌ಗಳೂ ಒಂದೇ ಸರ್ವಿಸ್ ಸೆಂಟರಿನಿಂದ ಬಂದಿದ್ದರೆ ಬ್ಯಾಚಿನ ಮೇಲೆ ಅನುಮಾನಪಡುವ ಮುನ್ನ ಆ ಕೇಂದ್ರದ ಕೆಲಸದ ಕ್ರಮವನ್ನೊಮ್ಮೆ ನೋಡಬೇಕು.

ಒಂದೇ ಯಂತ್ರ ಮತ್ತೆ ಮತ್ತೆ ಬರುವುದನ್ನೂ ಬೇರೆಯಾಗಿಯೇ ಎಣಿಸಬೇಕು. ಎರಡು ಬಾರಿ ಪಂಪ್ ಬದಲಾಯಿಸಿದ ಯಂತ್ರವನ್ನು ಎರಡು ದೋಷಯುಕ್ತ ಯಂತ್ರಗಳೆಂದು ಲೆಕ್ಕ ಹಾಕಿದರೆ ಬ್ಯಾಚಿನ ಪ್ರಮಾಣ ಉಬ್ಬುತ್ತದೆ. ಎರಡನೆಯ ಸಲ ಕೆಟ್ಟದ್ದು ಬಿಡಿಭಾಗವಾಗಿ ಸರಬರಾಜಾದ ಪಂಪು. ಅದು ಬೇರೊಂದು ಲಾಟಿನದ್ದಾಗಿರಬಹುದು, ಅಥವಾ ದುರದೃಷ್ಟಕ್ಕೆ ಅದೇ ಕೆಟ್ಟ ಲಾಟಿನದ್ದೂ ಆಗಿರಬಹುದು.

ವಾರಂಟಿ ಮುಗಿದ ನಂತರ ಈ ವರದಿಗೆ ಕಣ್ಣಿಲ್ಲ. ಎರಡು ವರ್ಷದ ವಾರಂಟಿಯಿರುವ ಯಂತ್ರದ ಭಾಗ ಮೂರನೇ ವರ್ಷದಲ್ಲಿ ಸವೆದುಹೋಗುವಂತಿದ್ದರೆ ಅದು ಇಲ್ಲಿ ಕಾಣಿಸುವುದೇ ಇಲ್ಲ.

## ಇನ್ನೂ ಮಾರಾಟವಾಗದ ಬ್ಯಾಚು

ಕೆಟ್ಟ ಸೀಲಿನ ಪಂಪುಗಳ ಲಾಟು ಗೊತ್ತಾದ ಮೇಲೆ ಪ್ರಶ್ನೆ ಹಿಂದುಮುಂದಾಗುತ್ತದೆ: ಇದುವರೆಗೆ ಯಂತ್ರಗಳಿಂದ ಪಂಪಿನತ್ತ ಹೋದ ಹುಡುಕಾಟ ಈಗ ಪಂಪಿನಿಂದ ಯಂತ್ರಗಳತ್ತ ತಿರುಗಬೇಕು. ಆ ಲಾಟಿನ ಪಂಪುಗಳು ಯಾವ ಯಾವ ಯಂತ್ರಗಳಿಗೆ ಸೇರಿದವು ಎಂದು ಜೋಡಣೆಯ ದಾಖಲೆಯನ್ನು ನೋಡಿದಾಗ, 600 ಬ್ಯಾಚ್ 14ಕ್ಕೆ ಹೋಗಿರುವುದೂ, ಸಾಲಿನ ಬದಿಯಲ್ಲಿ ಉಳಿದಿದ್ದ 150ನ್ನು ಬ್ಯಾಚ್ 15ರ ಆರಂಭದಲ್ಲಿ ಬಳಸಿರುವುದೂ ತಿಳಿಯುತ್ತದೆ. ಬ್ಯಾಚ್ 15ರಿಂದ ಇನ್ನೂ ಒಂದು ಕ್ಲೇಮ್ ಕೂಡ ಬಂದಿಲ್ಲ, ಏಕೆಂದರೆ ಅದು ಗೋದಾಮಿನಿಂದ ಹೊರಟೇ ಇಲ್ಲ. ವರದಿಯ ಕೋಷ್ಟಕದಲ್ಲಿ ಅದಕ್ಕೆ ಸಾಲು ಕೂಡ ಇಲ್ಲ.

ಯಾವ ಯಂತ್ರಕ್ಕೆ ಯಾವ ಲಾಟಿನ ಪಂಪ್ ಹಾಕಲಾಯಿತು ಎಂದು ಕಾರ್ಖಾನೆ ಬರೆದಿಟ್ಟಿದ್ದರೆ ಆ 150 ಯಂತ್ರಗಳನ್ನು ಗೋದಾಮಿನಲ್ಲೇ ಬೇರ್ಪಡಿಸಿ ಪಂಪ್ ಬದಲಾಯಿಸಬಹುದು. ಗ್ರಾಹಕರ ಮನೆಗೆ ತಂತ್ರಜ್ಞರನ್ನು ಕಳುಹಿಸುವ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ. ಬರೆದಿಟ್ಟಿಲ್ಲದಿದ್ದರೆ ಬ್ಯಾಚ್ 14 ಮತ್ತು 15ರ ಪ್ರತಿಯೊಂದು ಯಂತ್ರವನ್ನೂ ಸಂಶಯದಿಂದ ನೋಡಬೇಕಾಗುತ್ತದೆ. ಹಿಂದಕ್ಕೆ ಕರೆಯುವ ಪ್ರಕಟಣೆಗಳಲ್ಲಿ ಕೆಲವೊಮ್ಮೆ ಕೆಲವೇ ನೂರು ಸಂಖ್ಯೆಗಳ ಚಿಕ್ಕ ಪಟ್ಟಿಯೂ, ಕೆಲವೊಮ್ಮೆ ಇಡೀ ವರ್ಷದ ತಯಾರಿಕೆಯೂ ಸೇರಿರುವುದಕ್ಕೆ ಇದೂ ಒಂದು ಕಾರಣ: ದೋಷ ಎಷ್ಟು ಹರಡಿದೆ ಎಂಬುದರ ಜೊತೆಗೆ, ದೋಷದ ಗಡಿಯನ್ನು ಗುರುತಿಸಲು ದಾಖಲೆ ಎಷ್ಟು ಸೂಕ್ಷ್ಮವಾಗಿದೆ ಎಂಬುದೂ ಪಟ್ಟಿಯ ಉದ್ದವನ್ನು ನಿರ್ಧರಿಸುತ್ತದೆ.

ಪೂರೈಕೆದಾರರು ಸೀಲನ್ನು ಸರಿಪಡಿಸಿ, ಹೊಸ ಪಂಪುಗಳು ಬ್ಯಾಚ್ 16ರಿಂದ ಬಳಕೆಗೆ ಬಂದವು ಎಂದಿಟ್ಟುಕೊಳ್ಳೋಣ. ದೋಷ ನಿವಾರಣೆಯಾಯಿತೆಂದು ಅಂದೇ ಕಡತವನ್ನು ಮುಚ್ಚುವಂತಿಲ್ಲ. ಬ್ಯಾಚ್ 16ರ ಸಾಕಷ್ಟು ಯಂತ್ರಗಳು ಎರಡು ತಿಂಗಳ ಬಳಕೆ ಮುಗಿಸಬೇಕು, ಅದರ ಮೇಲೆ ಕ್ಲೇಮ್‌ಗಳು ದಾಖಲಾಗುವ ವಿಳಂಬವೂ ಕಳೆಯಬೇಕು. ಆಗ ಆ ಬ್ಯಾಚಿನ ಸಾಲಿನಲ್ಲಿ, ಎರಡನೇ ತಿಂಗಳ ಕಂಬದಲ್ಲಿ, ಪಂಪಿನ ದೂರು ಸಾವಿರಕ್ಕೆ ಒಂದರ ಆಸುಪಾಸಿಗೆ ಮರಳಿದ್ದರೆ ಮಾತ್ರ ದುರಸ್ತಿ ಫಲಿಸಿದೆ ಎನ್ನಬಹುದು.